ಮುಂಗಡ ಮುಟ್ಟಿತು, ಮಾಲು ಹೊರಡುವುದು ಎಂದು?

ಕೊಲ್ಹಾಪುರಿ ಎಂಬ ಹೆಸರನ್ನು ಹೊತ್ತು ದೇಶವಿದೇಶಗಳನ್ನು ಸುತ್ತುತ್ತಿರುವ ಚರ್ಮದ ಚಪ್ಪಲಿಯಲ್ಲಿ ಗಣನೀಯ ಭಾಗವು ಕೊಲ್ಹಾಪುರದಲ್ಲಲ್ಲ, ಕರ್ನಾಟಕದ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಮನೆಯಂಗಳಗಳಲ್ಲಿ ಸಿದ್ಧವಾಗುತ್ತದೆಂಬುದು ಈ ಭಾಗದವರಿಗೆ ಹೊಸ ಸಂಗತಿಯಲ್ಲ. ಆದರೂ ಆ ಸತ್ಯಕ್ಕೆ ಕಾನೂನಿನ ಮುದ್ರೆ ಬಿದ್ದದ್ದು ತೀರ ಈಚೆಗೆ. ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಎಂಬ ಎರಡು ಚರ್ಮೋದ್ಯಮ ಅಭಿವೃದ್ಧಿ ನಿಗಮಗಳು ಜಂಟಿಯಾಗಿ ಸಲ್ಲಿಸಿದ ಅರ್ಜಿಯ ಮೇರೆಗೆ ದೊರೆತ ಭೌಗೋಳಿಕ ಸೂಚಿಕೆಯು ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳಿಗೆ ಸರಿಸಮಾನವಾಗಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳನ್ನೂ ಈ ಪಾದರಕ್ಷೆಯ ತವರೆಂದು ಒಪ್ಪಿತು. 2025ರ ಜೂನ್ ತಿಂಗಳಲ್ಲಿ ಮಿಲಾನ್ ನಗರದ ಪ್ರಾಡಾ ಪ್ರದರ್ಶನದಲ್ಲಿ ಇದರ ಪ್ರತಿರೂಪವು ಹೆಸರಿಲ್ಲದೆ ಕಾಣಿಸಿಕೊಂಡು ವಿವಾದವೆದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಆ ಸಂಸ್ಥೆಯು ಈ ಎರಡೂ ನಿಗಮಗಳೊಡನೆ ಒಡಂಬಡಿಕೆ ಮಾಡಿಕೊಂಡ ಮೇಲಂತೂ, ದೂರದ ಊರಿನ ಅಂಗಡಿಕಾರರು ಮಧ್ಯವರ್ತಿಯನ್ನು ಬಿಟ್ಟು ನೇರವಾಗಿ ಅಥಣಿಯನ್ನೇ ವಿಚಾರಿಸುವ ಉತ್ಸಾಹಕ್ಕೆ ಕಾರಣವೂ ಒದಗಿದೆ. ವಿಚಾರಿಸುವವರು ಮೊದಲು ಬೆಲೆಯನ್ನು ಕೇಳುತ್ತಾರೆ, ಬೆಲೆ ಕುದುರಿ ಮುಂಗಡ ಕಳುಹಿಸಿದ ಮರುಗಳಿಗೆಯಿಂದ ಅವರು ಕೇಳುವುದು ಒಂದೇ ಮಾತು: "ಮಾಲು ಯಾವಾಗ ಕಳಸ್ತೀರಿ?" ಅದಕ್ಕೆ ಬರುವ ವಾಡಿಕೆಯ ಉತ್ತರವೂ ಒಂದೇ: "ದೀಪಾವಳಿ ಮುಗದ ಮ್ಯಾಲ ಕಳಸ್ತೀವ್ರೀ ಸಾಹುಕಾರ್ರ, ಏನ್ ಕಾಳಜಿ ಮಾಡಬ್ಯಾಡ್ರಿ."

ಈ ಉತ್ತರದಲ್ಲಿ ಸೌಜನ್ಯಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ದಿನಾಂಕಕ್ಕೆ. ದೀಪಾವಳಿ ಮುಗಿದ ಮರುದಿನವೂ ದೀಪಾವಳಿ ಮುಗಿದ ಮೇಲೆಯೇ, ಸಂಕ್ರಾಂತಿಯೂ ದೀಪಾವಳಿ ಮುಗಿದ ಮೇಲೆಯೇ. ಹಣ ಮುಟ್ಟಿತೆಂದೂ ಕೆಲಸ ಇಂಥ ದಿನ ಆರಂಭವಾಗುವುದೆಂದೂ ಮಾಲು ಇಂಥ ದಿನದ ಸುಮಾರಿಗೆ ಹೊರಡುವುದೆಂದೂ ತಿಳಿಸುವ ಒಂದು ಪುಟದ ಪತ್ರ ಬರೆಯುವುದು ಯಾರಿಗೂ ಕಷ್ಟವಲ್ಲ. ಅದರಲ್ಲಿ ನಮೂದಿಸುವ ದಿನಾಂಕವನ್ನು ಲೆಕ್ಕ ಹಾಕಿ ಕಂಡುಕೊಳ್ಳುವುದು ಕಷ್ಟ. ಆ ಲೆಕ್ಕಕ್ಕೆ ಮೂಲವು ಚರ್ಮದ ಸ್ವಭಾವದಲ್ಲಿದೆ.

ಈ ಚಪ್ಪಲಿಯ ಅಟ್ಟೆಗೆ ಎಮ್ಮೆಯ ಚರ್ಮವೂ, ಮೇಲಿನ ಪಟ್ಟಿ ಮತ್ತು ಹೆಣಿಗೆಗಳಿಗೆ ಅದಕ್ಕಿಂತ ತೆಳುವಾದ ಚರ್ಮವೂ ಬೇಕು. ಎರಡೂ ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದ ಸಸ್ಯಮೂಲದ ಕಷಾಯದಲ್ಲಿ ಹದಗೊಂಡಿರಬೇಕು. ಹಿಂದೆ ಊರಿನಲ್ಲಿಯೇ ಸುಣ್ಣದ ಗುಂಡಿಯಲ್ಲಿ ತೊಗಲನ್ನು ನೆನೆಯಿಟ್ಟು, ಕೂದಲು ತೆಗೆದು, ಅದನ್ನು ಚೀಲದಂತೆ ಹೊಲಿದು, ಒಳಗೆ ತೊಗಟೆಯ ಚೂರನ್ನೂ ಕಷಾಯವನ್ನೂ ತುಂಬಿ ತೂಗುಹಾಕುತ್ತಿದ್ದರು. ಕಷಾಯವು ತೊಗಲಿನೊಳಗಿಂದ ಜಿನುಗಿ ಹೊರಬರುತ್ತ ಅದನ್ನು ಹದಮಾಡುತ್ತಿತ್ತು. ವಾರಗಟ್ಟಲೆ ಹಿಡಿಯುವ ಈ ಕೆಲಸ ಊರೂರುಗಳಲ್ಲಿ ಕ್ಷೀಣಿಸಿ, ಇಂದು ಹದವಾದ ಚರ್ಮದ ಬಹುಭಾಗವನ್ನು ಹೊರಗಿನಿಂದ, ಹೆಚ್ಚಾಗಿ ತಮಿಳುನಾಡಿನ ಕಡೆಯಿಂದ, ತರಿಸಿಕೊಳ್ಳಬೇಕಾಗಿದೆ. ಮೊದಲು ಮಹಾರಾಷ್ಟ್ರದಲ್ಲಿಯೂ ಅನಂತರ 2021ರಿಂದ ಕರ್ನಾಟಕದಲ್ಲಿಯೂ ಬಿಗಿಯಾದ ಗೋಹತ್ಯಾ ನಿಷೇಧದ ಕಾಯಿದೆಗಳು ಹಸುವಿನ ಚರ್ಮದ ಪೂರೈಕೆಯನ್ನು ಇನ್ನಷ್ಟು ದುರ್ಲಭಗೊಳಿಸಿವೆ. ಚಪ್ಪಲಿ ಹೊಲಿಯುವ ಮನೆಯಲ್ಲಿ ಚರ್ಮದ ದಾಸ್ತಾನು ಇರುವುದು ಅಪೂರ್ವ, ಏಕೆಂದರೆ ದಾಸ್ತಾನು ಇಡುವುದಕ್ಕೆ ಬೇಕಾದ ಹಣ ಅಲ್ಲಿರುವುದಿಲ್ಲ. ಆದುದರಿಂದ ಗಿರಾಕಿಯು ಕಳುಹಿಸುವ ಮುಂಗಡವು ಇಲ್ಲಿ ನಂಬಿಕೆಯ ಕುರುಹಾಗಿ ಪೆಟ್ಟಿಗೆಯಲ್ಲಿ ಉಳಿಯುವ ವಸ್ತುವಲ್ಲ. ಅದು ಬಂದ ವಾರದೊಳಗಾಗಿಯೇ ಚರ್ಮವಾಗಿ ಮಾರ್ಪಡುತ್ತದೆ. ಹಣ ತಡವಾದರೆ ಚರ್ಮ ತಡ, ಚರ್ಮ ತಡವಾದರೆ ಹೊಲಿಗೆ ತಡ. ಬೆಂಗಳೂರಿನ ಅಂಗಡಿಕಾರನು ತಾನು ಆರ್ಡರು ಕೊಟ್ಟ ದಿನದಿಂದ ದಿನವೆಣಿಸುವಾಗ ಅಥಣಿಯ ಕುಶಲಕರ್ಮಿಯು ಹಣ ಮುಟ್ಟಿದ ದಿನದಿಂದ ಎಣಿಸುತ್ತಿರುತ್ತಾನೆ, ಮತ್ತು ಜಗಳಗಳಲ್ಲಿ ಅರ್ಧಪಾಲು ಈ ಎರಡು ಎಣಿಕೆಗಳ ನಡುವಣ ಅಂತರದಲ್ಲಿಯೇ ಹುಟ್ಟುತ್ತವೆ.

ಮುಂಗಡಕ್ಕೆ ಈ ಸೀಮೆಯಲ್ಲಿ ಇನ್ನೊಂದು ಮುಖವೂ ಇತ್ತೆಂಬುದನ್ನು ಇಲ್ಲಿ ಹೇಳದೆ ಮುಂದುವರಿಯುವುದು ಯುಕ್ತವಲ್ಲ. ವ್ಯಾಪಾರಿಯು ಮದುವೆಗೋ ಮಳೆಗಾಲದ ಹೊಟ್ಟೆಪಾಡಿಗೋ ಕೊಟ್ಟ ಹಣವು ಲೆಕ್ಕದಲ್ಲಿ ಮುಂಗಡವೆನಿಸಿ, ಅದು ತೀರುವವರೆಗೂ ಅವನು ಹೇಳಿದ ದರಕ್ಕೇ ಜೋಡುಗಳನ್ನು ಹೊಲಿದುಕೊಡಬೇಕಾದ, ಮತ್ತು ಅದು ಎಂದಿಗೂ ಪೂರ್ತಿ ತೀರದಿದ್ದ ವ್ಯವಸ್ಥೆಯದು. ಈ ಹಂಗಿನಿಂದ ಬಿಡಿಸಿಕೊಳ್ಳುವ ಯತ್ನಗಳಲ್ಲಿ ಅಥಣಿಯದೇ ಆದ ಪ್ರಸಿದ್ಧ ಉದಾಹರಣೆಯೆಂದರೆ ಟೋಹೋಲ್ಡ್ ಎಂಬ ಕುಶಲಕರ್ಮಿಗಳ ಒಕ್ಕೂಟ. ಅಸೆಂಟ್ ಎಂಬ ಸಂಸ್ಥೆಯ ಮಧುರಾ ಛತ್ರಪತಿ ಅವರ ಮುಂದಾಳುತನದಲ್ಲಿ, 1990ರ ದಶಕದ ಕೊನೆಯ ಸುಮಾರಿಗೆ ಮೊದಲಾದ ಈ ಕಾರ್ಯವು, ಅದುವರೆಗೆ ಮನೆಯ ಮೂಲೆಯಲ್ಲಿ ಕುಳಿತು ಪಟ್ಟಿ ಹೆಣೆಯುತ್ತಿದ್ದ ಮಹಿಳೆಯರನ್ನು ಸ್ವಸಹಾಯ ಗುಂಪುಗಳಾಗಿ ಸಂಘಟಿಸಿ, ವಿದೇಶದ ಗಿರಾಕಿಗಳೊಡನೆ ನೇರವಾಗಿ ವ್ಯವಹರಿಸುವಂತೆ ಮಾಡಿತು. ನೇರ ವ್ಯವಹಾರದಲ್ಲಿ ಮುಂಗಡದ ಅರ್ಥವೇ ಬದಲಾಗುತ್ತದೆ. ಯಾವ ಆರ್ಡರಿಗೆ, ಎಷ್ಟು ಜೋಡಿಗೆ, ಯಾವ ದರಕ್ಕೆ ಈ ಹಣ ಬಂತೆಂಬುದನ್ನು ಬರೆದಿಟ್ಟಾಗ, ಆ ಆರ್ಡರಿನ ಮಾಲು ಹೊರಟ ದಿನವೇ ಮುಂಗಡವೂ ತೀರಿಹೋಗುತ್ತದೆ. ಬರೆದಿಡದಿದ್ದಾಗ ಅದು ಹಳೆಯ ಋಣದ ರೂಪವನ್ನೇ ಮತ್ತೆ ತಳೆಯಬಹುದು. ಸ್ವೀಕೃತಿಪತ್ರವು ಗಿರಾಕಿಯ ಸಮಾಧಾನಕ್ಕಾಗಿ ಮಾತ್ರ ಬರೆಯುವಂಥದೆಂದು ತಿಳಿದವರು ಈ ಸಂಗತಿಯನ್ನು ಗಮನಿಸುವುದು ಒಳಿತು.

ಇನ್ನು "ಹಣ ಮುಟ್ಟಿತು" ಎಂದು ಬರೆಯುವುದು ಎಂದು? ಗಿರಾಕಿಯು ಮೊಬೈಲಿಗೆ ಕಳುಹಿಸಿದ ಪಾವತಿಯ ಚಿತ್ರವನ್ನು ನೋಡಿದಾಗ ಅಲ್ಲ. ಅಂಥ ಚಿತ್ರವನ್ನು ತಿದ್ದುವುದು ಇಂದು ಮಕ್ಕಳಿಗೂ ಬರುವ ವಿದ್ಯೆ. ಚೆಕ್ಕು ಕೈಸೇರಿದಾಗಲೂ ಅಲ್ಲ; ಚೆಕ್ಕು ಕೈಸೇರಿದ ದಿನ ಬರೆಯಬಹುದಾದದ್ದು "ಚೆಕ್ಕು ತಲುಪಿದೆ, ನಗದಾದ ಮೇಲೆ ಸ್ವೀಕೃತಿ ಕಳುಹಿಸುತ್ತೇವೆ" ಎಂಬಷ್ಟೆ. ಹಣವು ನಮ್ಮ ಖಾತೆಯಲ್ಲಿ ಜಮೆಯಾದದ್ದನ್ನು ನಾವೇ ಕಂಡು, ಜಮೆಯಾದ ದಿನಾಂಕ, ಮೊತ್ತ ಮತ್ತು ಬ್ಯಾಂಕಿನ ವರ್ಗಾವಣೆಯ ಯುಟಿಆರ್ ಸಂಖ್ಯೆ ಈ ಮೂರನ್ನೂ ಪತ್ರದಲ್ಲಿ ನಮೂದಿಸಬೇಕು. ಒಬ್ಬನೇ ಗಿರಾಕಿಯಿಂದ ಎರಡು ಆರ್ಡರುಗಳ ಹಣ ಬಂದಾಗ, ಅಥವಾ ಅಂಗಡಿಯ ಹೆಸರೊಂದು, ಹಣ ಕಳುಹಿಸಿದ ಖಾತೆಯ ಹೆಸರು ಇನ್ನೊಂದು ಆಗಿದ್ದಾಗ, ಯಾವ ಹಣ ಯಾವುದಕ್ಕೆಂದು ಮುಂದೆ ಬಿಡಿಸಿಹೇಳುವುದು ಆ ಸಂಖ್ಯೆಯೊಂದೇ. ಜಿಎಸ್‌ಟಿ ನೋಂದಣಿಯುಳ್ಳವರಿಗೆ ಇದರ ಜೊತೆಗೆ ಶಾಸನದ ಒಂದು ಕರ್ತವ್ಯವೂ ಇದೆ: ಮುಂಗಡ ಬಂದಾಗ ಕ್ರಮಸಂಖ್ಯೆಯುಳ್ಳ ಸ್ವೀಕೃತಿ ವೋಚರನ್ನು ಕೊಡತಕ್ಕದ್ದು, ಆರ್ಡರು ರದ್ದಾಗಿ ಹಣ ಹಿಂದಿರುಗಿಸಿದರೆ ಮರುಪಾವತಿಯ ವೋಚರನ್ನು ಕೊಡತಕ್ಕದ್ದು. ಸರಕಿನ ಮುಂಗಡದ ಮೇಲೆ ಕೂಡಲೇ ತೆರಿಗೆ ಕಟ್ಟಬೇಕೆಂಬ ನಿಯಮವನ್ನು 2017ರ ನವೆಂಬರಿನಲ್ಲಿ ಸಡಿಲಿಸಲಾಯಿತು. ಆದುದರಿಂದ ತೆರಿಗೆಯು ಮಾಲಿನ ಬಿಲ್ಲಿನೊಡನೆ ಬರುತ್ತದೆ. ವೋಚರು ಕೊಟ್ಟ ಮಾತ್ರಕ್ಕೆ ಪತ್ರ ಬೇಡವೆಂದಾಗುವುದಿಲ್ಲ, ಏಕೆಂದರೆ ವೋಚರು ಹಣದ ಮಾತನ್ನು ಹೇಳುತ್ತದೆಯೇ ಹೊರತು ದಿನದ ಮಾತನ್ನು ಹೇಳುವುದಿಲ್ಲ.

ದಿನದ ಮಾತಿಗೆ ಬಂದರೆ, ಕೆಲಸದ ಆರಂಭವೆಂದರೆ ಯಾವುದೆಂಬುದನ್ನು ಮೊದಲು ನಿಶ್ಚಯಿಸಬೇಕು. ನನ್ನ ಅಭಿಪ್ರಾಯದಲ್ಲಿ ಅದು ಅಟ್ಟೆಯ ಚರ್ಮಕ್ಕೆ ರಂಪಿಗೆ ತಾಗುವ ಕ್ಷಣ. ಅದುವರೆಗೆ ಗಿರಾಕಿಯು ಬಣ್ಣ ಬದಲಿಸಬಹುದು, ಹತ್ತು ಜೋಡು ಹೆಚ್ಚು ಬೇಡಬಹುದು, ಆರನೆಯ ಅಳತೆಯನ್ನು ಕಡಿಮೆ ಮಾಡಿ ಎಂಟನೆಯದನ್ನು ಹೆಚ್ಚಿಸೆನ್ನಬಹುದು. ಎಮ್ಮೆಯ ಚರ್ಮವನ್ನು ಅಳತೆಯ ಪ್ರಕಾರ ಕತ್ತರಿಸಿದ ಮೇಲೆ ಅದನ್ನು ಮತ್ತೆ ಕೂಡಿಸುವ ಉಪಾಯವಿಲ್ಲ. ಆದುದರಿಂದ ಆರಂಭದ ದಿನಾಂಕವು ಮೂರು ಸಂಗತಿಗಳು ಕೂಡಿಬಂದಲ್ಲದೆ ನಿಲ್ಲುವುದಿಲ್ಲ: ಹಣ ಜಮೆಯಾಗಿರಬೇಕು, ಮಾದರಿಯ ಜೋಡನ್ನು ಗಿರಾಕಿ ಒಪ್ಪಿರಬೇಕು, ಅಳತೆವಾರು ಪಟ್ಟಿ ಅಂತಿಮವಾಗಿ ಬಂದಿರಬೇಕು. ಹಣವನ್ನು ತಕ್ಷಣ ಕಳುಹಿಸಿ ಪಟ್ಟಿಯನ್ನು ಎರಡು ವಾರ ತಡೆದು, ಅನಂತರ ಮಾಲು ತಡವಾಯಿತೆಂದು ಗದರಿಸುವ ಗಿರಾಕಿಗಳು ವಿರಳರಲ್ಲ. ಪಟ್ಟಿ ಇಂಥ ದಿನದೊಳಗೆ ಬರದಿದ್ದರೆ ಆರಂಭವೂ ಅಷ್ಟೇ ದಿನ ಮುಂದೆ ಹೋಗುವುದೆಂಬ ಒಂದು ವಾಕ್ಯವನ್ನು ಮೊದಲ ಪತ್ರದಲ್ಲಿಯೇ ಬರೆದಿಟ್ಟರೆ ಆ ಗದರಿಕೆಗೆ ಆಸ್ಪದವಿರುವುದಿಲ್ಲ.

ಒಂದು ಆರ್ಡರನ್ನು ಕಲ್ಪಿಸಿಕೊಂಡು ಲೆಕ್ಕವನ್ನು ಕೊನೆಯವರೆಗೆ ಹಾಕಿನೋಡೋಣ. ಬೆಂಗಳೂರಿನ ಅಂಗಡಿಯೊಂದು ಅಥಣಿಯ ಒಂದು ಸ್ವಸಹಾಯ ಗುಂಪಿಗೆ 240 ಜೋಡು ಚಪ್ಪಲಿಗಳಿಗಾಗಿ, ಜೋಡಿಗೆ 600 ರೂಪಾಯಿಯಂತೆ, ತೆರಿಗೆ ಮತ್ತು ಲಾರಿ ಬಾಡಿಗೆ ಬೇರೆ ಎಂದು, ಆರ್ಡರು ಕೊಟ್ಟಿದೆಯೆನ್ನಿ. ಒಟ್ಟು 1,44,000 ರೂಪಾಯಿ. ಅರ್ಧ ಮುಂಗಡವಾದ 72,000 ರೂಪಾಯಿ ನವೆಂಬರ್ 3ರಂದು ಜಮೆಯಾಗಿದೆ. ಅಂದೇ ಚರ್ಮಕ್ಕೆ ಹಣ ಕಟ್ಟಿದರೂ, ನಡುವೆ ದೀಪಾವಳಿಯ ಪಾಡ್ಯ ಬಂದು ಲಾರಿಗಳು ಎರಡು ಮೂರು ದಿನ ನಿಲ್ಲುವುದರಿಂದ, ಅದು ಅಥಣಿಗೆ ಬಂದಿಳಿಯುವುದು 13ರ ಸುಮಾರಿಗೆ. ಬಂದ ಚರ್ಮವನ್ನು ಬಿಚ್ಚಿನೋಡಿ, ಗಾಯದ ಗುರುತೂ ಉಣ್ಣೆ ಕಚ್ಚಿದ ರಂಧ್ರವೂ ಇರುವ ಭಾಗಗಳನ್ನು ಬೇರ್ಪಡಿಸಿ, 16ರ ಸೋಮವಾರ ಕತ್ತರಿಸಲು ಆರಂಭಿಸಬಹುದು.

ಮುಂದಿನದು ಕೈಕೆಲಸ. ಅಟ್ಟೆಯನ್ನು ನೀರಿನಲ್ಲಿ ನೆನೆಸಿ ಕಲ್ಲಿನ ಮೇಲೆ ಬಡಿದು ಗಟ್ಟಿಗೊಳಿಸುವುದು, ಎರಡು ಪದರಗಳ ನಡುವೆ ಕಿವಿಗಳನ್ನು ಸೇರಿಸಿ ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುವುದು, ಹಿಮ್ಮಡಿ ಕೂಡಿಸುವುದು ಸಾಮಾನ್ಯವಾಗಿ ಗಂಡಸರ ಪಾಲಿನವು. ಪಟ್ಟಿ ಹೆಣೆಯುವುದು, ಹೆಬ್ಬೆರಳ ಉಂಗುರ ಮತ್ತು ಅಲಂಕಾರದ ಹೆಣಿಗೆ ಹೆಂಗಸರವು. ಗುಂಪಿನವರೆಲ್ಲ ಸೇರಿ ದಿನಕ್ಕೆ 8 ಜೋಡು ಮುಗಿಸುವರೆಂದು ಇಟ್ಟುಕೊಂಡರೆ 240 ಜೋಡಿಗೆ 30 ಕೆಲಸದ ದಿನ. ವಾರಕ್ಕೊಂದು ರಜೆಯನ್ನು ಕಳೆದರೆ ಐದು ವಾರ, ಅಂದರೆ ಡಿಸೆಂಬರ್ 19ರ ಶನಿವಾರ. ಇಲ್ಲಿಗೇ ಲೆಕ್ಕ ಮುಗಿಯಿತೆಂದು "20ಕ್ಕೆ ಮಾಲು ಹೊರಡುತ್ತದೆ" ಎಂದು ಬರೆಯುವವರು ಎಡವುವುದು ಇಲ್ಲಿಯೇ. ಹೊಲಿಯುವಾಗ ನೆನೆದ ಅಟ್ಟೆಯು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು, ಅಂಚು ಸವರಬೇಕು, ಎಣ್ಣೆ ಸವರಿ ಮೆರುಗು ಕೊಡಬೇಕು, ಎಡಬಲಗಳನ್ನು ಜೊತೆಗೂಡಿಸಿ ಅಳತೆ ನೋಡಬೇಕು, ದೋಷವಿದ್ದವನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ಇದಕ್ಕೆ ಇನ್ನೊಂದು ವಾರ. ಹೀಗೆ ಮಾಲು ಕಟ್ಟಿ ಸಿದ್ಧವಾಗುವುದು 26ಕ್ಕೆ; ರವಾನೆಯನ್ನು ಡಿಸೆಂಬರ್ 28ರಿಂದ ಜನವರಿ 2ರೊಳಗೆ ಎನ್ನುವುದು ನ್ಯಾಯವಾದ ಅಂದಾಜು. ಪತ್ರವು ಆಗ ಹೀಗಾಗುತ್ತದೆ:

"ಮಾನ್ಯರೇ, ತಮ್ಮ 240 ಜೋಡು ಚಪ್ಪಲಿಗಳ ಆರ್ಡರಿನ ಬಾಬ್ತು ಮುಂಗಡ ರೂ. 72,000 ನವೆಂಬರ್ 3ರಂದು ನಮ್ಮ ಖಾತೆಗೆ ಜಮೆಯಾಗಿದೆ. ಯುಟಿಆರ್ ಸಂಖ್ಯೆಯನ್ನು ಮೇಲೆ ನಮೂದಿಸಿದೆ, ಸ್ವೀಕೃತಿ ವೋಚರನ್ನು ಲಗತ್ತಿಸಿದೆ. ಈ ಹಣದಿಂದ ಚರ್ಮ ತರಿಸಿ ನವೆಂಬರ್ 16ರಂದು ಕತ್ತರಿಸುವ ಕೆಲಸ ಆರಂಭಿಸುತ್ತೇವೆ. ಮಾದರಿಗೆ ತಮ್ಮ ಒಪ್ಪಿಗೆ ಮತ್ತು ಅಳತೆವಾರು ಪಟ್ಟಿ 12ರೊಳಗೆ ತಲುಪಬೇಕು. ತಡವಾದಷ್ಟು ದಿನ ಆರಂಭವೂ ಮುಂದೆ ಹೋಗುತ್ತದೆ. 16ರ ನಂತರ ಅಳತೆ, ಬಣ್ಣಗಳನ್ನು ಬದಲಿಸಲಾಗದು. ಮಾಲು ಅಥಣಿಯಿಂದ ಹೊರಡುವುದು ಅಂದಾಜು ಡಿಸೆಂಬರ್ 28ರಿಂದ ಜನವರಿ 2ರೊಳಗೆ. ಬಾಕಿ ರೂ. 72,000, ತೆರಿಗೆ ಮತ್ತು ಬಾಡಿಗೆಯನ್ನು ಮಾಲು ಸಿದ್ಧವಾಯಿತೆಂದು ತಿಳಿಸಿದ ಮೇಲೆ, ರವಾನೆಗೆ ಮೊದಲು ಪಾವತಿಸಬೇಕು. ಅಕಾಲದ ಮಳೆ ಬಂದು ಒಣಗುವುದು ತಡವಾದರೆ ಡಿಸೆಂಬರ್ 21ರೊಳಗೆ ಹೊಸ ದಿನಾಂಕವನ್ನು ತಿಳಿಸುತ್ತೇವೆ."

ಇದರಲ್ಲಿ ಅಲಂಕಾರವಿಲ್ಲ, ಕೃತಜ್ಞತೆಯ ಪ್ರವಾಹವೂ ಇಲ್ಲ. ಬೇಕೆನಿಸಿದವರು ಒಂದು ಸಾಲು ಸೇರಿಸಿಕೊಳ್ಳಬಹುದು. ಗಮನಿಸಬೇಕಾದದ್ದು "ಅಥಣಿಯಿಂದ ಹೊರಡುವುದು" ಎಂಬ ಮಾತನ್ನು. ರವಾನೆಯ ದಿನವೆಂದರೆ ಮಾಲನ್ನು ಲಾರಿ ಕಚೇರಿಗೆ ಒಪ್ಪಿಸಿ ಎಲ್‌ಆರ್ ಚೀಟಿ ಪಡೆದ ದಿನ. ಬೆಂಗಳೂರಿನ ಅಂಗಡಿಯ ಬಾಗಿಲಿಗೆ ಮುಟ್ಟುವ ದಿನವು ಬೇರೆ, ಮತ್ತು ಅದು ಕುಶಲಕರ್ಮಿಯ ಕೈಯಲ್ಲಿಲ್ಲ. ಅಂಗಡಿಕಾರನು ಸಂಕ್ರಾಂತಿಯ ಮಾರಾಟವನ್ನು ನೆಚ್ಚಿಕೊಂಡಿದ್ದರೆ ಈ ಭೇದವನ್ನು ಅವನು ಮೊದಲೇ ತಿಳಿದಿರಬೇಕು. 1872ರ ಭಾರತೀಯ ಕರಾರು ಅಧಿನಿಯಮದ 55ನೆಯ ಕಲಮು ಈ ವಿಷಯದಲ್ಲಿ ನಿಚ್ಚಳವಾಗಿದೆ: ಕಾಲವೇ ಕರಾರಿನ ಸಾರವೆಂದು ಉಭಯತ್ರರ ಉದ್ದೇಶವಿದ್ದಲ್ಲಿ, ಅವಧಿ ಮೀರಿದರೆ ಕರಾರನ್ನು ರದ್ದುಮಾಡುವ ಆಯ್ಕೆ ಗಿರಾಕಿಗೆ ಇರುತ್ತದೆ, ಅಂಥ ಉದ್ದೇಶವಿಲ್ಲದಿದ್ದಲ್ಲಿ ರದ್ದುಮಾಡುವಂತಿಲ್ಲ, ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. "ಅಂದಾಜು" ಎಂಬ ಮಾತು ಎರಡನೆಯ ಬಗೆಗೆ ಸಾಕ್ಷ್ಯವಾಗಬಲ್ಲದಾದರೂ, ಅದನ್ನೇ ಕವಚವೆಂದು ನಂಬಿ ತಿಂಗಳುಗಟ್ಟಲೆ ಎಳೆಯುವವರನ್ನು ಕಾನೂನೂ ಕಾಯುವುದಿಲ್ಲ, ಗಿರಾಕಿಯೂ ಕಾಯುವುದಿಲ್ಲ. ಹಬ್ಬಕ್ಕೇ ಬೇಕೆಂದಿರುವ ಗಿರಾಕಿಯು ಆ ಮಾತನ್ನು ಮುಂಗಡ ಕಳುಹಿಸುವಾಗಲೇ ಬರೆದು ತಿಳಿಸತಕ್ಕದ್ದು.

ತಡವಾಗುವ ಕಾರಣಗಳಲ್ಲಿ ಹಣದ್ದು, ಪಟ್ಟಿಯದು ಮನುಷ್ಯರ ಕೈಯಲ್ಲಿರುವಂಥವು, ತೇವದ್ದು ಹಾಗಲ್ಲ. ಸಸ್ಯದ ಕಷಾಯದಲ್ಲಿ ಹದವಾದ ಚರ್ಮವು ನೀರನ್ನು ಬೇಗ ಹೀರುತ್ತದೆ, ನಿಧಾನವಾಗಿ ಬಿಡುತ್ತದೆ. ಬೇಗ ಒಣಗಲೆಂದು ಬಿಸಿಲಿಗಿಟ್ಟರೆ ಅಟ್ಟೆ ಸೊಟ್ಟಗಾಗುತ್ತದೆ, ಒಣಗದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ಒಣಗಿದಂತೆ ಕಂಡ ಜೋಡಿನ ಒಳಪದರದಲ್ಲಿ ತೇವ ಉಳಿದಿದೆಯೇ ಎಂಬುದನ್ನು ಪಳಗಿದವರು ಕೈಯಿಂದಲೇ ತಿಳಿಯುತ್ತಾರೆ: ತೂಕ ಹೆಚ್ಚೆನಿಸುತ್ತದೆ, ಅಟ್ಟೆಯ ನಡುಭಾಗ ಕೆನ್ನೆಗೆ ತಾಗಿಸಿದಾಗ ತಂಪಾಗಿರುತ್ತದೆ, ಹೊಲಿಗೆಯ ಸಾಲಿನ ಸುತ್ತ ಬಣ್ಣ ಒಂದು ಛಾಯೆ ಗಾಢವಾಗಿರುತ್ತದೆ. ಇಂಥದನ್ನು ದಿನಾಂಕದ ಮಾನ ಉಳಿಸಲೆಂದು ಕಟ್ಟಿ ಕಳುಹಿಸಿದರೆ ಬೆಂಗಳೂರಿನಲ್ಲಿ ಗಂಟು ಬಿಚ್ಚುವಾಗ ಬಿಳಿಯ ಬೂಷ್ಟು ಕಾಣುತ್ತದೆ, ಮತ್ತು ಸಮಯಕ್ಕೆ ಬಂದ ಆ ಮಾಲು ಹಿಂದಕ್ಕೆ ಬರುತ್ತದೆ. ತಡಮಾಡಿ ಒಣ ಮಾಲು ಕಳುಹಿಸುವುದೇ ಲೇಸು. ಆದರೆ ತಡದ ಪತ್ರವು ಹೇಳಿದ ದಿನ ಕಳೆದ ಮೇಲಲ್ಲ, ಅದಕ್ಕೆ ಮೊದಲು ಹೋಗಬೇಕು. ಕಾಲವೇ ಸಾರವಾದ ಕರಾರಿನಲ್ಲಿ ತಡವಾಗಿ ಬಂದ ಮಾಲನ್ನು ಗಿರಾಕಿಯು ಸ್ವೀಕರಿಸುವಾಗ, ನಷ್ಟಕ್ಕೆ ಪರಿಹಾರ ಕೇಳುವ ಉದ್ದೇಶವಿದೆಯೆಂದು ಆಗಲೇ ತಿಳಿಸದಿದ್ದರೆ ಅನಂತರ ಅದನ್ನು ಕೇಳಲಾಗದೆಂದು ಅದೇ 55ನೆಯ ಕಲಮು ಹೇಳುತ್ತದೆ. ಹೊಸ ದಿನಾಂಕವನ್ನು ಗಿರಾಕಿ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಇಬ್ಬರಿಗೂ ಸಂದೇಹ ಉಳಿಯುವುದಿಲ್ಲ.

ನಮ್ಮ ಕಲ್ಪಿತ ಆರ್ಡರಿನಲ್ಲಿ ಡಿಸೆಂಬರಿನ ನಡುವೆ ನಾಲ್ಕು ದಿನ ಮೋಡ ಕವಿದು ಮಳೆ ಹನಿಯಿತೆಂದೂ, 150 ಜೋಡು ಪೂರ್ಣ ಒಣಗಿ 90 ಜೋಡು ಉಳಿದವೆಂದೂ ಭಾವಿಸಿದರೆ, ಗುಂಪು 21ರೊಳಗೆ ಬರೆಯಬೇಕಾದ ಪತ್ರದಲ್ಲಿ ಎರಡು ದಾರಿಗಳಿರುತ್ತವೆ: ಎಲ್ಲವನ್ನೂ ಜನವರಿ 6ಕ್ಕೆ ಒಟ್ಟಿಗೆ ಕಳುಹಿಸುವುದು, ಇಲ್ಲವೆ 150ನ್ನು ಹೇಳಿದ ಅವಧಿಯಲ್ಲಿಯೇ ಕಳುಹಿಸಿ 90ನ್ನು 6ಕ್ಕೆ ಕಳುಹಿಸುವುದು. ಎರಡನೆಯದನ್ನು ಗಿರಾಕಿ ಆರಿಸಿಕೊಂಡರೆ ಮುಂಗಡವನ್ನು ಹೇಗೆ ಹಂಚುವುದೆಂಬ ಪ್ರಶ್ನೆ ಏಳುತ್ತದೆ. 72,000ವನ್ನೂ ಮೊದಲ ಕಂತಿಗೇ ಜಮೆ ಹಾಕಿದರೆ, 90,000 ಬೆಲೆಯ ಮಾಲು ಹೊರಡುವಾಗ ಕೈಗೆ ಬರುವುದು 18,000 ಮಾತ್ರ, ಮತ್ತು ಎರಡನೆಯ ಕಂತಿನ 54,000 ಪೂರ್ತಿ ಬಾಕಿಯಾಗಿ ನಿಲ್ಲುತ್ತದೆ. ಅಷ್ಟರಲ್ಲಿ ಗಿರಾಕಿಯು ಉಳಿದ 90 ಜೋಡು ಬೇಡವೆಂದರೆ ಗುಂಪಿನ ಕೈಯಲ್ಲಿ ಆ ಮಾಲಿಗೆ ಸಂಚಕಾರದ ಒಂದು ರೂಪಾಯಿಯೂ ಇರುವುದಿಲ್ಲ. ಜೋಡುಗಳ ಪ್ರಮಾಣಕ್ಕೆ ಹಂಚಿದರೆ ಮೊದಲ ಕಂತಿಗೆ 45,000, ಎರಡನೆಯದಕ್ಕೆ 27,000. ಬಾಕಿಯೂ ಅಷ್ಟಷ್ಟೇ, ತೆರಿಗೆ ಆಯಾ ಬಿಲ್ಲಿಗೆ ಸೇರಿ. ಈ ಹಂಚಿಕೆಯನ್ನು ಅದೇ ಪತ್ರದಲ್ಲಿ ಬರೆದು, ಗಿರಾಕಿಯ ಒಪ್ಪಿಗೆ ಬಂದ ಮೇಲೆ ಮೊದಲ ಕಂತಿನ ಗಂಟುಗಳನ್ನು ಲಾರಿ ಕಚೇರಿಗೆ ಸಾಗಿಸತಕ್ಕದ್ದು.